ಆರು, ಆರು, ಐದು, ಐದು: ಕಂಪ್ಯೂಟರಿನ ದಾಳಕ್ಕೆ ನ್ಯಾಯ ಕಲಿಸುವುದು

ಸಿ ಭಾಷೆ ಕಲಿಯುವ ವಿದ್ಯಾರ್ಥಿಗಳು ಮೊದಮೊದಲು ಬರೆಯುವ ಪ್ರೋಗ್ರಾಮುಗಳಲ್ಲಿ ದಾಳ ಉರುಳಿಸುವುದೂ ಒಂದು. ಬರೆಯಬೇಕಾದದ್ದು ಮೂರೇ ಸಾಲು.

```c
int i;
for (i = 0; i < 6; i++)
    printf("%d ", rand() % 6 + 1);
```

ವಿಂಡೋಸ್ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್‌ನ ಸಿ ಲೈಬ್ರರಿ ಬಳಸಿ ಇದನ್ನು ಓಡಿಸಿದರೆ ಪರದೆಯ ಮೇಲೆ 6 6 5 5 6 5 ಎಂದು ಬರುತ್ತದೆ. ಮೊದಲ ಸಲ ನೋಡಿದವರಿಗೆ ಗರ ಚೆನ್ನಾಗಿ ಬಿತ್ತೆಂದು ಖುಷಿ. ಇನ್ನೊಮ್ಮೆ ಓಡಿಸಿದರೂ 6 6 5 5 6 5. ಪಕ್ಕದವರ ವಿಂಡೋಸ್ ಯಂತ್ರದಲ್ಲೂ ಅದೇ. ನಾಳೆ ಬಂದು ಓಡಿಸಿದರೂ ಅದೇ. ಅದೇ ಮೂರು ಸಾಲನ್ನು ಸಾಮಾನ್ಯ ಲಿನಕ್ಸ್ ಯಂತ್ರಕ್ಕೆ ಒಯ್ದರೆ 2 5 4 2 6 2 ಬರುತ್ತದೆ, ಮತ್ತು ಅಲ್ಲಿ ಎಷ್ಟು ಸಲ ಓಡಿಸಿದರೂ ಅದು ಬದಲಾಗುವುದಿಲ್ಲ.

ಯಂತ್ರ ಕೆಟ್ಟಿಲ್ಲ. rand ಎಂಬ ಫಂಕ್ಷನ್ ಇರುವುದೇ ಹಾಗೆ. ಅದು ಕೊಡುವ ಸಂಖ್ಯೆಗಳು ಚೆಲ್ಲಾಪಿಲ್ಲಿಯಾಗಿ ಕಂಡರೂ ಒಂದು ಲೆಕ್ಕದಿಂದ ಹುಟ್ಟಿದವು. ಆದ್ದರಿಂದಲೇ ಅವುಗಳಿಗೆ ಹುಸಿ ಯಾದೃಚ್ಛಿಕ ಸಂಖ್ಯೆಗಳು ಎಂದು ಹೆಸರು. ಆ ಲೆಕ್ಕ ಎಲ್ಲಿಂದ ಹೊರಡಬೇಕೆಂದು ಹೇಳುವುದು srandನ ಕೆಲಸ. ಬಂದ ದೊಡ್ಡ ಸಂಖ್ಯೆಯನ್ನು ದಾಳದ ಆರು ಮುಖಗಳಿಗೆ ಸಮನಾಗಿ ಹಂಚುವುದು ಮಾತ್ರ ಪ್ರೋಗ್ರಾಮ್ ಬರೆಯುವವರ ಹೊಣೆ. ಹೆಚ್ಚಿನ ತಪ್ಪುಗಳು ಆಗುವುದು ಈ ಹಂಚಿಕೆಯಲ್ಲೇ.

ಒಂದು ಪುಟ್ಟ ಯಂತ್ರ

rand ಒಳಗೆ ಏನು ನಡೆಯುತ್ತದೆಂದು ನೋಡಲು ಪೆನ್ಸಿಲು, ಕಾಗದ ಸಾಕು. ಯಾವುದಾದರೂ ಒಂದು ಸಂಖ್ಯೆಯಿಂದ ಹೊರಡಿ. ಅದನ್ನು 5ರಿಂದ ಗುಣಿಸಿ, 3 ಕೂಡಿಸಿ, 16ರಿಂದ ಭಾಗಿಸಿ, ಶೇಷವನ್ನು ಇಟ್ಟುಕೊಳ್ಳಿ. ಆ ಶೇಷವೇ ಮುಂದಿನ ಸಂಖ್ಯೆ. ಅದಕ್ಕೆ ಮತ್ತೆ ಇದೇ ಲೆಕ್ಕ. 1ರಿಂದ ಹೊರಟರೆ ಸಿಗುವ ಸಾಲು ಹೀಗಿದೆ: 8, 11, 10, 5, 12, 15, 14, 9, 0, 3, 2, 13, 4, 7, 6, 1. ಹದಿನಾರನೆಯ ಹೆಜ್ಜೆಗೆ 1 ಮರಳಿ ಬಂತು. ಅಲ್ಲಿಂದ ಮುಂದೆ ಅದೇ ಸಾಲು ಮೊದಲಿನಿಂದ ಶುರು.

ಈ ಸಾಲಿನಲ್ಲಿ 0ಯಿಂದ 15ರವರೆಗಿನ ಪ್ರತಿ ಸಂಖ್ಯೆಯೂ ಸರಿಯಾಗಿ ಒಂದೊಂದು ಸಲ ಬಂದಿದೆ. ಲೆಕ್ಕ ಗೊತ್ತಿಲ್ಲದವರ ಕಣ್ಣಿಗೆ ಕ್ರಮವೇನೂ ಕಾಣುವುದಿಲ್ಲ. ಗೊತ್ತಿದ್ದವರಿಗೆ ಒಂದು ಸಂಖ್ಯೆ ಸಿಕ್ಕರೆ ಮುಂದಿನವೆಲ್ಲ ಬಯಲು. ಹೀಗೆ ಗುಣಿಸಿ ಶೇಷ ಹಿಡಿಯುವ ಉಪಾಯವನ್ನು 1949ರಲ್ಲಿ ಮುಂದಿಟ್ಟವರು ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್. ಸಿ ಭಾಷೆಯ ಮಾನಕದಲ್ಲಿ ಮಾದರಿಗೆಂದು ಕೊಟ್ಟಿರುವ rand ಕೂಡ ಇದೇ ಕುಲದ್ದು. ಅದರ ಸಂಖ್ಯೆಗಳು ಮಾತ್ರ ದೊಡ್ಡವು.

```c
next = next * 1103515245 + 12345;
return (unsigned int)(next / 65536) % 32768;
```

ಇಲ್ಲಿ next ಎಂಬುದು ಯಂತ್ರ ನೆನಪಿಟ್ಟುಕೊಂಡ ಸಂಖ್ಯೆ. ಅದನ್ನು ಇದ್ದ ಹಾಗೇ ಹೊರಗೆ ಕೊಡದೆ, 65536ರಿಂದ ಭಾಗಿಸಿ ಕೆಳಗಿನ ಅಂಕೆಗಳನ್ನು ಕಳಚಿ, ಉಳಿದದ್ದರಲ್ಲಿ 0ಯಿಂದ 32767ರವರೆಗಿನ ಒಂದು ಭಾಗವನ್ನಷ್ಟೇ ಕೊಡುತ್ತದೆ. next 1 ಆಗಿದ್ದಾಗ ಮೊದಲ ಸಾಲಿನ ಲೆಕ್ಕದಿಂದ 1103527590 ಬರುತ್ತದೆ. ಅದನ್ನು 65536ರಿಂದ ಭಾಗಿಸಿದರೆ ಪೂರ್ಣಾಂಕ 16838. ಅದನ್ನು ಆರರಿಂದ ಭಾಗಿಸಿದರೆ ಶೇಷ 2, ಒಂದು ಕೂಡಿಸಿದರೆ ದಾಳದಲ್ಲಿ ಮೂರು ಬಿತ್ತು.

ಕೆಳಗಿನ ಅಂಕೆಗಳನ್ನು ಕಳಚುವುದು ಯಾಕೆ ಎಂಬುದಕ್ಕೆ ಉತ್ತರ ನಮ್ಮ ಪುಟ್ಟ ಯಂತ್ರದಲ್ಲೇ ಇದೆ. ಆ ಸಾಲನ್ನು ಇನ್ನೊಮ್ಮೆ ನೋಡಿ. ಎಂಟು ಸಮ, ಹನ್ನೊಂದು ಬೆಸ, ಹತ್ತು ಸಮ, ಐದು ಬೆಸ. ಕೊನೆಯವರೆಗೂ ಸಮ, ಬೆಸ, ಸಮ, ಬೆಸ ಎಂದು ಮಗ್ಗದ ಲಾಳಿಯಂತೆ ಅತ್ತಿಂದಿತ್ತ ಓಡಾಡುತ್ತದೆ. ಭಾಜಕ 16, 32, 65536 ಹೀಗೆ ಎರಡರ ಘಾತವಾಗಿದ್ದು, ಗುಣಕವೂ ಕೂಡುವ ಸಂಖ್ಯೆಯೂ ಬೆಸವಾಗಿದ್ದರೆ ಇದು ತಪ್ಪಿದ್ದಲ್ಲ. ಆರು ಸಮಸಂಖ್ಯೆಯಾದ್ದರಿಂದ ಆರರ ಶೇಷ ತೆಗೆದರೂ ಸಮ, ಬೆಸ ಗುಣ ಅಳಿಯುವುದಿಲ್ಲ. ಹಾಗಾಗಿ ಈ ಯಂತ್ರದಿಂದ ಮಾಡಿದ ದಾಳ 3, 6, 5, 6, 1, 4, 3, 4 ಎಂದು ಬೀಳುತ್ತದೆ: ಒಂದು ಬೆಸ, ಒಂದು ಸಮ, ಮತ್ತೆ ಬೆಸ, ಮತ್ತೆ ಸಮ. ಇಬ್ಬರು ಸರದಿಯಲ್ಲಿ ಆಡಿದರೆ ಒಬ್ಬರಿಗೆ ಆಟದುದ್ದಕ್ಕೂ ಆರು ಬೀಳುವುದೇ ಇಲ್ಲ. ಹಳೆಯ ಕೆಲವು rand ಫಂಕ್ಷನ್‌ಗಳು ಕೆಳಗಿನ ಅಂಕೆಗಳನ್ನು ಕಳಚದೆ ಹಾಗೇ ಕೊಡುತ್ತಿದ್ದವು. ಅವುಗಳಲ್ಲಿ ಈ ದೋಷ ನಿಜವಾಗಿಯೂ ಇತ್ತು. ಇಂದಿಗೂ ಲಿನಕ್ಸ್‌ನ ಕೈಪಿಡಿ ಈ ಬಗ್ಗೆ ಎಚ್ಚರಿಸುತ್ತದೆ.

ಬೀಜ ಒಮ್ಮೆ ಮಾತ್ರ

ಪುಟ್ಟ ಯಂತ್ರವನ್ನು 1ರ ಬದಲು 9ರಿಂದ ಹೊರಡಿಸಿದರೆ ಮೊದಲು 0, ಆಮೇಲೆ 3, ಆಮೇಲೆ 2 ಬರುತ್ತದೆ. ಸುತ್ತು ಅದೇ, ಹತ್ತಿದ ನಿಲ್ದಾಣ ಬೇರೆ. srandಗೆ ಕೊಡುವ ಸಂಖ್ಯೆ ಮಾಡುವುದು ಇದನ್ನೇ. ಆ ಸಂಖ್ಯೆಗೆ ಬೀಜ ಎನ್ನುತ್ತಾರೆ. srand ಕರೆಯದೆ rand ಕರೆದರೆ, ಬೀಜ 1 ಎಂದು ಭಾವಿಸಬೇಕೆಂದು ಸಿ ಮಾನಕವೇ ಹೇಳಿದೆ. ಹಾಗಾಗಿಯೇ ಎಲ್ಲರ ವಿಂಡೋಸ್ ಯಂತ್ರದಲ್ಲೂ 6 6 5 5 6 5.

ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ಈ ಗುಣ ತುಂಬ ಉಪಕಾರಿ. ಹಾವು ಏಣಿ ಆಟ ಬರೆದವರಿಗೆ ಮೂವತ್ತನೆಯ ಎಸೆತದಲ್ಲಿ ಕಾಯಿ ಹಲಗೆಯಿಂದ ಹೊರಗೆ ಹಾರಿತೆಂದರೆ, ಅದೇ ಬೀಜ ಕೊಟ್ಟು ಅದೇ ಮೂವತ್ತು ಗರಗಳನ್ನು ಮತ್ತೆ ಹಾಕಿಸಿ, ತಪ್ಪು ಎಲ್ಲಿದೆಯೆಂದು ಹಿಡಿಯಬಹುದು. ನಿಜವಾದ ದಾಳದಲ್ಲಿ ಅದು ಸಾಧ್ಯವಿಲ್ಲ. ಆಟ ಸರಿಯಾದ ಮೇಲೆ, ಪ್ರತಿ ಸಲವೂ ಬೇರೆ ಗರ ಬೇಕೆಂದಾಗ, ಗಡಿಯಾರವನ್ನು ಬೀಜವಾಗಿ ಕೊಡುವುದು ರೂಢಿ.

```c
srand((unsigned)time(NULL));
```

time ಎಂಬುದು ಈ ಯಂತ್ರಗಳಲ್ಲಿ 1970ರ ಜನವರಿ 1ರಿಂದ ಇಲ್ಲಿಯವರೆಗೆ ಕಳೆದ ಸೆಕೆಂಡುಗಳನ್ನು ಕೊಡುತ್ತದೆ. ಈ ಸಾಲು ಇರಬೇಕಾದ ಜಾಗ main ಫಂಕ್ಷನ್ನಿನ ಆರಂಭ. ಇದನ್ನು ಲೂಪಿನ ಒಳಗೆ, ಪ್ರತಿ ಎಸೆತಕ್ಕೂ ಮುಂಚೆ ಬರೆಯುವುದು ಹೊಸಬರ ಸಾಮಾನ್ಯ ತಪ್ಪು. ಕಂಪ್ಯೂಟರು ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಸಲ ಎಸೆಯುತ್ತದೆ. ಆ ಸೆಕೆಂಡು ಮುಗಿಯುವ ತನಕ ಬೀಜ ಒಂದೇ, ಆದ್ದರಿಂದ ಗರವೂ ಒಂದೇ. ಪರದೆಯ ತುಂಬ ನಾಲ್ಕು, ನಾಲ್ಕು, ನಾಲ್ಕು ಎಂದು ಬಂದರೆ ಕಾರಣ ಇದೇ ಎಂದು ಹೇಳಬಹುದು.

ನಡುವೆ ಒಂದೊಂದು ಸೆಕೆಂಡು ಕಾಯಿಸಿದರೆ ಸರಿಹೋಗುತ್ತದೆಯೇ? ಅದೂ ಇಲ್ಲ. ಮೈಕ್ರೋಸಾಫ್ಟ್‌ನ rand ಒಳಗಿನ ಲೆಕ್ಕ ಹೀಗಿದೆ: ಬೀಜವನ್ನು 214013ರಿಂದ ಗುಣಿಸಿ, 2531011 ಕೂಡಿಸಿ, 65536ರಿಂದ ಭಾಗಿಸಿ, 32768ರೊಳಗಿನ ಭಾಗ ಕೊಡುವುದು. ಬೀಜ ಒಂದು ಹೆಚ್ಚಿದರೆ ಮೊದಲ ಉತ್ತರ ಮೂರೋ ನಾಲ್ಕೋ ಹೆಚ್ಚುತ್ತದೆ, ಅಷ್ಟೆ. ಬೀಜ 1ರಿಂದ 6ರವರೆಗೆ ಕೊಟ್ಟರೆ ಮೊದಲ ಉತ್ತರಗಳು 41, 45, 48, 51, 54, 58. ದಾಳದಲ್ಲಿ ಅವು 6, 4, 1, 4, 1, 5. ಒಂದು, ನಾಲ್ಕು, ಒಂದು, ನಾಲ್ಕು ಎಂದು ಜೋಕಾಲಿ ಆಡುತ್ತಿರುವುದು ಇಷ್ಟರಲ್ಲೇ ಕಾಣುತ್ತದೆ. ಸೆಕೆಂಡಿಗೊಮ್ಮೆ ಬೀಜ ಬದಲಿಸುವವರ ಕೈಯಲ್ಲಿರುವುದು ದಾಳವಲ್ಲ, ಗಡಿಯಾರ. ಬೀಜವನ್ನು ಒಮ್ಮೆ ಬಿತ್ತಿ, ಆಮೇಲೆ randನ ಪಾಡಿಗೆ ಅದನ್ನು ಬಿಡಬೇಕು.

ಹದಿನಾರು ಹೋಳಿಗೆ, ಆರು ಮಕ್ಕಳು

ಈಗ ಹಂಚಿಕೆಯ ವಿಷಯ. ಪುಟ್ಟ ಯಂತ್ರ ಹದಿನಾರು ಸಂಖ್ಯೆಗಳನ್ನು ಕೊಡುತ್ತದೆ, ದಾಳಕ್ಕಿರುವುದು ಆರು ಮುಖ. ಹದಿನಾರು ಹೋಳಿಗೆಯನ್ನು ಮುರಿಯದೆ ಆರು ಮಕ್ಕಳಿಗೆ ಬಡಿಸಿದಂತೆಯೇ ಇದು. ಒಂದು ಸುತ್ತಿಗೆ ಆರು ಮುಗಿಯಿತು, ಎರಡನೆಯ ಸುತ್ತಿಗೆ ಹನ್ನೆರಡು. ಉಳಿದ ನಾಲ್ಕನ್ನು ಮೂರನೆಯ ಸುತ್ತಿನಲ್ಲಿ ಬಡಿಸಿದರೆ ಮೊದಲ ನಾಲ್ವರಿಗೆ ಮೂರು, ಕೊನೆಯ ಇಬ್ಬರಿಗೆ ಎರಡೇ. ಆರರ ಶೇಷ ತೆಗೆದಾಗಲೂ ಹೀಗೇ ಆಗುತ್ತದೆ. 12, 13, 14, 15 ಎಂಬ ನಾಲ್ಕು ಸಂಖ್ಯೆಗಳು ಒಂದರಿಂದ ನಾಲ್ಕರವರೆಗಿನ ಮುಖಗಳಿಗೆ ಹೋಗುತ್ತವೆ. ಐದು ಮತ್ತು ಆರು ಬೀಳುವ ಸಾಧ್ಯತೆ ಉಳಿದ ಮುಖಗಳ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ.

ನಿಜವಾದ randನಲ್ಲೂ ಉಳಿಕೆ ಇದ್ದೇ ಇದೆ. ಅದು ಕೊಡಬಹುದಾದ ಅತಿ ದೊಡ್ಡ ಸಂಖ್ಯೆಗೆ RAND_MAX ಎಂದು ಹೆಸರು. ಅದು 32767ಕ್ಕಿಂತ ಕಡಿಮೆ ಇರಬಾರದೆಂದು ಮಾನಕ ಹೇಳುತ್ತದೆ. ಮೈಕ್ರೋಸಾಫ್ಟ್‌ನಲ್ಲಿ ಅದು ಸರಿಯಾಗಿ 32767, ಲಿನಕ್ಸ್‌ನಲ್ಲಿ 2147483647. ಮೊದಲನೆಯದರಲ್ಲಿ ಸೊನ್ನೆಯೂ ಸೇರಿ 32768 ಸಂಖ್ಯೆಗಳಿವೆ. ಆರರ ಲೆಕ್ಕದಲ್ಲಿ 5461 ಪೂರ್ತಿ ಸುತ್ತುಗಳಿಗೆ 32766 ಖರ್ಚಾಗಿ ಎರಡು ಉಳಿಯುತ್ತವೆ. ಆ ಎರಡು ಒಂದು ಮತ್ತು ಎರಡನೆಯ ಮುಖಗಳ ಪಾಲು. ಅವಕ್ಕೆ 5462 ಅವಕಾಶ, ಉಳಿದ ನಾಲ್ಕು ಮುಖಗಳಿಗೆ 5461.

ಈ ವ್ಯತ್ಯಾಸ ಎಷ್ಟು ದೊಡ್ಡದು? ಅರವತ್ತು ಸಾವಿರ ಸಲ ಎಸೆದರೆ ಒಂದನೆಯ ಮುಖಕ್ಕೆ ಹೆಚ್ಚಿಗೆ ಸಿಗುವುದು ಸರಾಸರಿ ಒಂದೇ ಒಂದು ಗರ. ಅಪ್ಪಟ ದಾಳದಲ್ಲೂ ಸಹಜವಾಗಿಯೇ ತೊಂಬತ್ತರಷ್ಟು ಏರುಪೇರು ಇರುವುದರಿಂದ ಆ ಒಂದು ಗರ ಕಾಣುವುದೇ ಇಲ್ಲ. ಈ ಪಕ್ಷಪಾತ ಸಹಜ ಏರುಪೇರಿನಷ್ಟು ದೊಡ್ಡದಾಗಬೇಕಾದರೆ ಸುಮಾರು 33 ಕೋಟಿ ಎಸೆತ ಬೇಕು. ಮನೆಯ ಹಾವು ಏಣಿ ಆಟಕ್ಕೆ ಇದು ಲೆಕ್ಕಕ್ಕಿಲ್ಲ.

ಆದರೆ ಅದೇ ಸೂತ್ರವನ್ನು ದಾಳದಿಂದ ಬೇರೆ ಕಡೆಗೆ ಒಯ್ದಾಗ ಪರಿಸ್ಥಿತಿ ಬದಲಾಗುತ್ತದೆ. ಜಾತ್ರೆಯೊಂದರ ಅದೃಷ್ಟ ಚೀಟಿಗೆ 20,000 ಚೀಟಿಗಳಿವೆ, ಗೆದ್ದ ಚೀಟಿಯನ್ನು rand() % 20000 ಎಂದು ಆರಿಸುತ್ತಾರೆ ಎಂದಿಟ್ಟುಕೊಳ್ಳಿ. RAND_MAX 32767 ಇರುವ ಯಂತ್ರದಲ್ಲಿ ಒಂದು ಸುತ್ತು ಮುಗಿದ ಮೇಲೆ 12,768 ಸಂಖ್ಯೆಗಳು ಉಳಿಯುತ್ತವೆ. ಅವು ಮೊದಲ 12,768 ಚೀಟಿಗಳಿಗೆ ಎರಡನೆಯ ಸಲ ಹೋಗುತ್ತವೆ. ಹೀಗೆ ಮುಂಚೆ ಚೀಟಿ ಕೊಂಡವರ ಅವಕಾಶ ತಡವಾಗಿ ಕೊಂಡವರದ್ದಕ್ಕಿಂತ ನೇರವಾಗಿ ಇಮ್ಮಡಿ. ದಾಳದಲ್ಲಿ ಕಣ್ಣಿಗೆ ಬೀಳದ ತಪ್ಪು ಇಲ್ಲಿ ಅನ್ಯಾಯವೇ ಆಗಿಬಿಡುತ್ತದೆ.

ಪರಿಹಾರ ಹೋಳಿಗೆಯ ಪಂಕ್ತಿಯಲ್ಲೇ ಇದೆ. ಸಮನಾಗಿ ಹಂಚಲಾಗದ ನಾಲ್ಕನ್ನು ಬಡಿಸದೆ ಪಕ್ಕಕ್ಕಿಟ್ಟರೆ ಎಲ್ಲರಿಗೂ ಎರಡೆರಡು. ದಾಳದಲ್ಲೂ ಅಷ್ಟೇ: 32766 ಅಥವಾ 32767 ಬಂದರೆ ಅದನ್ನು ಗರವೆಂದು ಎಣಿಸದೆ ಮತ್ತೊಮ್ಮೆ rand ಕರೆಯಬೇಕು. ದಾಳ ಹಲಗೆಯಿಂದ ಹೊರಗೆ ಉರುಳಿದರೆ ಮತ್ತೆ ಹಾಕುವುದಿಲ್ಲವೇ, ಹಾಗೆ.

```c
int gara(void)
{
    unsigned n = (unsigned)RAND_MAX + 1u;
    unsigned miti = n - n % 6;
    unsigned r;
    do {
        r = rand();
    } while (r >= miti);
    return r % 6 + 1;
}
```

ಇಲ್ಲಿ n ಎಂದರೆ rand ಕೊಡಬಲ್ಲ ಒಟ್ಟು ಸಂಖ್ಯೆಗಳು, miti ಎಂದರೆ ಅವುಗಳಲ್ಲಿ ಆರರಿಂದ ಸರಿಯಾಗಿ ಭಾಗವಾಗುವಷ್ಟು. ಮಿತಿ ಮುಟ್ಟಿದ ಸಂಖ್ಯೆ ಬಂದರೆ ಲೂಪು ಇನ್ನೊಮ್ಮೆ ತಿರುಗುತ್ತದೆ. ಮತ್ತೆ ಎಸೆಯಬೇಕಾದ ಪ್ರಸಂಗ ಸರಾಸರಿ 16,384 ಎಸೆತಕ್ಕೊಮ್ಮೆ ಮಾತ್ರ, ಹಾಗಾಗಿ ವೇಗಕ್ಕೇನೂ ಧಕ್ಕೆಯಿಲ್ಲ. ಮೊದಲ ಸಾಲಿನಲ್ಲಿ unsigned ಬರೆದದ್ದಕ್ಕೆ ಕಾರಣವಿದೆ. ಲಿನಕ್ಸ್‌ನಲ್ಲಿ RAND_MAX ಎಂಬುದು int ಹಿಡಿಸಿಕೊಳ್ಳುವ ಅತಿ ದೊಡ್ಡ ಸಂಖ್ಯೆ. ಅದಕ್ಕೆ ನೇರವಾಗಿ ಒಂದು ಕೂಡಿಸಿದರೆ ಪಾತ್ರೆ ತುಂಬಿ ಚೆಲ್ಲುತ್ತದೆ, ಉತ್ತರ ಏನಾಗುತ್ತದೆಂದು ಹೇಳಲು ಬರುವುದಿಲ್ಲ.

ಶೇಷದ ಬದಲು ಭಾಗಾಕಾರ ಬಳಸಿದರೆ ಪಕ್ಷಪಾತ ಹೋಗುತ್ತದೆ ಎಂದು ನಂಬಿದವರಿದ್ದಾರೆ. ಹೋಗುವುದಿಲ್ಲ. 32768 ಸಂಖ್ಯೆಗಳನ್ನು ಆರು ಸಮ ಗುಂಪು ಮಾಡಲು ಯಾವ ಸೂತ್ರಕ್ಕೂ ಆಗದು. ಹೆಚ್ಚಿನ ಅವಕಾಶ ಬೇರೆ ಮುಖಗಳ ಪಾಲಾಗಬಹುದು, ಅಷ್ಟೇ. ಅದರ ಜೊತೆಗೆ ಹೊಸ ತಪ್ಪೊಂದು ನುಸುಳುವುದುಂಟು. rand() * 6 / RAND_MAX + 1 ಎಂದು ಬರೆದ ದಾಳ ನೋಡಲು ಸರಿಯಾಗಿಯೇ ಕಾಣುತ್ತದೆ. ಮೈಕ್ರೋಸಾಫ್ಟ್‌ನ ಯಂತ್ರದಲ್ಲಿ rand ಸರಿಯಾಗಿ 32767 ಕೊಟ್ಟ ಗಳಿಗೆಯಲ್ಲಿ ಮಾತ್ರ ಆ ದಾಳದಲ್ಲಿ ಏಳು ಬೀಳುತ್ತದೆ! ಸರಾಸರಿ 32,768 ಎಸೆತಕ್ಕೊಮ್ಮೆ ಬರುವ ಈ ಏಳು ಪರೀಕ್ಷೆಯ ದಿನ ಕಾಣಿಸಿಕೊಳ್ಳದೆ, ಆಟ ಜನರ ಕೈ ಸೇರಿದ ಮೇಲೆ ತಲೆ ಎತ್ತುತ್ತದೆ. ಲಿನಕ್ಸ್‌ನಲ್ಲಾದರೆ ಆರರಿಂದ ಗುಣಿಸಿದ ಕೂಡಲೇ ಸಂಖ್ಯೆ ಪಾತ್ರೆ ಮೀರಿ, ಗರ ಏನಾಗುತ್ತದೆಂದು ಹೇಳಲು ಬರುವುದಿಲ್ಲ.

ದಾಳ ಸರಿಯಿದೆಯೆಂದು ತಿಳಿಯುವುದು ಹೇಗೆ

ಬರೆದ ದಾಳವನ್ನು ಅರವತ್ತು ಸಾವಿರ ಸಲ ಉರುಳಿಸಿ, ಯಾವ ಮುಖ ಎಷ್ಟು ಸಲ ಬಿತ್ತೆಂದು ಎಣಿಸುವುದು ಮೊದಲ ಪರೀಕ್ಷೆ. ಪ್ರತಿ ಮುಖಕ್ಕೂ ಹತ್ತು ಸಾವಿರದ ಆಸುಪಾಸು ಬರಬೇಕು. ಎಣಿಕೆಗಳು ಒಂದರಿಂದ ಆರರವರೆಗೆ ಕ್ರಮವಾಗಿ 10120, 9905, 10040, 9870, 10095, 9970 ಎಂದು ಬಂದವೆನ್ನಿ. ಪ್ರತಿಯೊಂದರಲ್ಲೂ ಹತ್ತು ಸಾವಿರಕ್ಕಿರುವ ಅಂತರವನ್ನು ವರ್ಗ ಮಾಡಿ ಕೂಡಿಸಿದರೆ 51,850 ಆಗುತ್ತದೆ. ಅದನ್ನು ಹತ್ತು ಸಾವಿರದಿಂದ ಭಾಗಿಸಿದರೆ 5.185. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಕೈ-ವರ್ಗ ಪರೀಕ್ಷೆ ಎನ್ನುತ್ತಾರೆ. ಆರು ಮುಖದ ಸರಿಯಾದ ದಾಳದಲ್ಲಿ ಈ ಉತ್ತರ 11.07ನ್ನು ದಾಟುವುದು ನೂರಕ್ಕೆ ಐದು ಸಲ ಮಾತ್ರ. 5.185 ಆ ಗಡಿಯ ಒಳಗೇ ಇರುವುದರಿಂದ ದಾಳದ ಮೇಲೆ ಅನುಮಾನ ಪಡಲು ಕಾರಣವಿಲ್ಲ.

ಎಣಿಕೆ ಸರಿಯಿದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೆಸ, ಸಮ ಎಂದು ಜೀಕುವ ದಾಳವೂ ಒಟ್ಟು ಎಣಿಕೆಯಲ್ಲಿ ಪಾಸಾಗಬಲ್ಲದು. ಅದನ್ನು ಹಿಡಿಯಲು ಒಂದರ ಹಿಂದೆ ಒಂದು ಬಿದ್ದ ಎರಡೆರಡು ಗರಗಳ ಜೋಡಿಯನ್ನು ಎಣಿಸಬೇಕು. ಒಟ್ಟು 36 ಜೋಡಿಗಳಿವೆ. ಜೀಕುವ ದಾಳದಲ್ಲಿ ಎರಡು ಸಮಗಳ ಅಥವಾ ಎರಡು ಬೆಸಗಳ ಜೋಡಿ ಹುಟ್ಟುವುದೇ ಇಲ್ಲ, 36ರಲ್ಲಿ 18 ಮನೆ ಖಾಲಿ ಉಳಿಯುತ್ತವೆ. ಇನ್ನೊಂದು ಸೂಚನೆ ವಿಚಿತ್ರವೆನಿಸಬಹುದು. ಆರೂ ಮುಖಗಳು ಸರಿಯಾಗಿ ಹತ್ತು ಹತ್ತು ಸಾವಿರವೇ ಬಂದರೆ ಅದೂ ಅನುಮಾನಕ್ಕೆ ಎಡೆ. ನಿಜವಾದ ದಾಳ ಅಷ್ಟು ಅಚ್ಚುಕಟ್ಟಾಗಿ ಬೀಳುವುದಿಲ್ಲ.

ದುಡ್ಡಿನ ಮೇಜಿನಲ್ಲಿ

ಬೀಜ ಮತ್ತು ಹಂಚಿಕೆ ಎರಡೂ ಒಟ್ಟಿಗೆ ಕೆಟ್ಟ ಪ್ರಸಂಗವೊಂದು 1999ರಲ್ಲಿ ನಡೆಯಿತು. ಅಂತರ್ಜಾಲದಲ್ಲಿ ಹಣ ಕಟ್ಟಿ ಪೋಕರ್ ಆಡಿಸುತ್ತಿದ್ದ ಒಂದು ತಂತ್ರಾಂಶದವರು, ತಾವು ಎಲೆಗಳನ್ನು ನ್ಯಾಯವಾಗಿಯೇ ಕಲಸುತ್ತೇವೆಂದು ತೋರಿಸಲು ಆ ಪ್ರೋಗ್ರಾಮನ್ನೇ ಪ್ರಕಟಿಸಿದರು. ಅದನ್ನು ಪಾಸ್ಕಲ್ ಭಾಷೆಯಲ್ಲಿ ಬರೆಯಲಾಗಿತ್ತು. ರಿಲಯಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್ ಎಂಬ ಸಂಸ್ಥೆಯ ಪರಿಣತರು ಅದನ್ನು ಓದಿ ನೋಡಿದರು. 52 ಎಲೆಗಳಲ್ಲಿ ಒಂದನ್ನು ಆರಿಸಬೇಕಾದ ಜಾಗದಲ್ಲಿ 51ರವರೆಗೆ ಮಾತ್ರ ಸಂಖ್ಯೆ ಬರುತ್ತಿತ್ತು. ಹಾಗಾಗಿ ಕೊನೆಯ ಎಲೆ ಎಂದಿಗೂ ತನ್ನ ಜಾಗದಲ್ಲೇ ಉಳಿಯುವಂತಿರಲಿಲ್ಲ. ಅದಕ್ಕಿಂತ ದೊಡ್ಡ ದೋಷ ಬೀಜದಲ್ಲಿತ್ತು. ನಡುರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳೇ ಬೀಜ. ಒಂದು ದಿನಕ್ಕೆ ಅವು ಇರುವುದು 8 ಕೋಟಿ 64 ಲಕ್ಷ. 52 ಎಲೆಗಳನ್ನು ಕಲಸುವ ಬಗೆಗಳು ಎಂಟರ ಮುಂದೆ 67 ಸೊನ್ನೆ ಬರೆದಷ್ಟಿವೆ, ಆದರೆ ಆ ಯಂತ್ರದಿಂದ ಹೊರಡಬಲ್ಲವು ಇಷ್ಟೇ.

ಪರಿಣತರು ತಮ್ಮ ಗಡಿಯಾರವನ್ನು ಆಟದ ಸರ್ವರಿನ ಗಡಿಯಾರಕ್ಕೆ ಹೊಂದಿಸಿ, ಹುಡುಕಬೇಕಾದ ಬೀಜಗಳನ್ನು ಸುಮಾರು ಎರಡು ಲಕ್ಷಕ್ಕೆ ಇಳಿಸಿದರು. ತಮ್ಮ ಕೈಯ ಎರಡು ಎಲೆ ಮತ್ತು ಮೇಜಿನ ಮೇಲೆ ತೆರೆದ ಮೂರು ಎಲೆಗಳಿಗೆ ಹೊಂದುವ ಬೀಜ ಸಿಕ್ಕಿದ ಕೂಡಲೇ ಎದುರಾಳಿಗಳ ಎಲೆಗಳೂ, ಇನ್ನೂ ಬೀಳಬೇಕಾದ ಎಲೆಗಳೂ ಅವರಿಗೆ ಗೊತ್ತಾಗುತ್ತಿದ್ದವು. ಅವರು ಅದನ್ನು ದೋಚಲು ಬಳಸದೆ ಬಯಲು ಮಾಡಿದರು.

rand ಮತ್ತು srand ಆಟಕ್ಕೆ, ಪಾಠಕ್ಕೆ, ಅನುಕರಣೆಯ ಪ್ರಯೋಗಗಳಿಗೆ ಇರುವ ಸಲಕರಣೆಗಳು. ಸಂಖ್ಯೆಗಳ ಗುಣಮಟ್ಟಕ್ಕೆ ಸಿ ಮಾನಕ ಯಾವ ಭರವಸೆಯನ್ನೂ ಕೊಡುವುದಿಲ್ಲ. ಪಾಸ್‌ವರ್ಡ್, ಒಟಿಪಿ, ಹಣದ ಪಣ ಇರುವಲ್ಲಿ ಲಿನಕ್ಸ್‌ನಲ್ಲಿ getrandom, ವಿಂಡೋಸ್‌ನಲ್ಲಿ BCryptGenRandom ಬಳಸಬೇಕು. ಅವು ಬೀಜವನ್ನು ಪ್ರೋಗ್ರಾಮಿನಿಂದ ಕೇಳುವುದಿಲ್ಲ, ಆಪರೇಟಿಂಗ್ ಸಿಸ್ಟಮ್ ಯಂತ್ರದೊಳಗಿನ ಊಹಿಸಲಾಗದ ಚಟುವಟಿಕೆಗಳಿಂದ ಕೂಡಿಟ್ಟದ್ದನ್ನು ಕೊಡುತ್ತವೆ. ಅಲ್ಲಿ ಸಿಕ್ಕ ಸಂಖ್ಯೆಯನ್ನು ಹಂಚುವಾಗಲೂ ಉಳಿಕೆಯನ್ನು ಬಿಸಾಡುವ ಲೂಪು ಬೇಕೇ ಬೇಕು. ದಾಳದ ಪ್ರೋಗ್ರಾಮ್ ಬರೆಯಲು ಕೂತವರು main ಆರಂಭದಲ್ಲಿ srand ಒಂದೇ ಸಲ ಬರೆಯಲಿ, ಉಳಿದ ಎರಡು ಸಂಖ್ಯೆಗಳನ್ನು ಬಿಸಾಡಲಿ, ಅರವತ್ತು ಸಾವಿರ ಎಸೆತ ಎಣಿಸಿ ನೋಡಿದ ಮೇಲೆಯೇ ಆಟವನ್ನು ಇನ್ನೊಬ್ಬರ ಕೈಗೆ ಕೊಡಲಿ.